ಒಂದು ಮಗುವಿನ ಲೆಕ್ಕ

ನಮ್ಮ ಮನೆಯಲ್ಲಿ ಜಮಾಖರ್ಚಿನ ಪುಸ್ತಕವು ನನ್ನ ಕೈಯಲ್ಲಿದೆ. ಲೆಕ್ಕವು ಮಾತ್ರ ನನ್ನ ಹೆಂಡತಿಯ ನಾಲಿಗೆಯ ಮೇಲಿದೆ. ಒಂದು ತಿಂಗಳ ಕೊನೆಯಲ್ಲಿ ನಾನು ಖರ್ಚನ್ನೆಲ್ಲ ಕೂಡಿಸಿ, ಮನೆಯಲ್ಲಿರುವ ಏಳು ಮಂದಿಯಿಂದ ಭಾಗಿಸಿ, "ನಮ್ಮಲ್ಲಿ ತಲೆಗೆ ಇಷ್ಟು ಬೀಳುತ್ತದೆ" ಎಂದು ಹೆಮ್ಮೆಯಿಂದ ಹೇಳಿದೆನು. ಆಕೆ ಒಲೆಯ ಕಡೆಯಿಂದ ತಿರುಗಿಯೂ ನೋಡದೆ, "ಹಾಗಾದರೆ ಅತ್ತೆಯವರ ಔಷಧಿಯ ಪಾಲನ್ನು ತೊಟ್ಟಿಲಲ್ಲಿರುವ ಕೂಸೂ ಕೊಡಬೇಕೇನು?" ಎಂದಳು. ಅಂದು ನಾನು ನಕ್ಕು ಸುಮ್ಮನಾದೆ. ಆ ಮಾತು ಎಷ್ಟು ಬೆಲೆಯದೆಂಬುದು ನನಗೆ ತಿಳಿದದ್ದು 2023ನೆಯ ಇಸವಿಯ ಬೇಸಿಗೆಯಲ್ಲಿ, ನಮ್ಮೂರಿನ ಶಾಲೆಯ ಲೆಕ್ಕ ನನ್ನ ಪಾಲಿಗೆ ಬಂದಾಗ.

ನಮ್ಮದು ಸಣ್ಣ ಊರು. ಇಲ್ಲಿ ಒಂದು ಧರ್ಮಸಂಸ್ಥೆಯವರು ನಡೆಸುವ ಖಾಸಗಿ ಶಾಲೆಯುಂಟು. ಅದಕ್ಕೆ ಸರಕಾರದ ಅನುದಾನವಿಲ್ಲ. ಒಂದರಿಂದ ಏಳನೆಯ ತರಗತಿಯವರೆಗೆ 240 ಮಕ್ಕಳು, ಎಂಟರಿಂದ ಹತ್ತರವರೆಗೆ 60 ಮಕ್ಕಳು, ಒಟ್ಟು 300. ನಾನು ಸಹಕಾರಸಂಘದಲ್ಲಿ ಲೆಕ್ಕಿಗನಾಗಿದ್ದು ನಿವೃತ್ತನಾದವನಾದುದರಿಂದ, ಆಡಳಿತ ಸಮಿತಿಯವರು ನನ್ನನ್ನೂ ಒಬ್ಬ ಸದಸ್ಯನನ್ನಾಗಿ ಕೂಡಿಸಿಕೊಂಡಿದ್ದರು. ಆ ವರುಷದ ಸಭೆಯಲ್ಲಿ ಅಧ್ಯಕ್ಷರು ಒಂದು ಕಾಗದವನ್ನು ಓದಿದರು. ಕಳೆದ ವರುಷದ ಖರ್ಚು 60,00,000 ರೂಪಾಯಿ. ಮಕ್ಕಳು 300. ಆದುದರಿಂದ ಒಂದು ಮಗುವಿಗೆ 20,000 ರೂಪಾಯಿ. ನಾವು ತೆಗೆದುಕೊಳ್ಳುತ್ತಿರುವ ಶುಲ್ಕವೋ 16,000. ಹೀಗೆ ಪೀಠಿಕೆಯಿಟ್ಟು ಅವರು ಎರಡು ದಾರಿಗಳನ್ನು ಸೂಚಿಸಿದರು: ಎಲ್ಲರ ಶುಲ್ಕವನ್ನೂ 20,000ಕ್ಕೆ ಏರಿಸುವುದು; ಇಲ್ಲವೆ ಮಕ್ಕಳು ಕಡಿಮೆಯಿರುವ ಪ್ರೌಢಶಾಲೆಯ ಮೂರು ತರಗತಿಗಳನ್ನು ಮುಚ್ಚಿಬಿಡುವುದು.

ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ಮಾತ್ರ ಹೊರಗೆ ಬಂದಮೇಲೆ ನನ್ನನ್ನು ತಡೆದು, "ರಾಯರೆ, ನಮ್ಮ ಎಂಟನೆಯ ತರಗತಿಯಲ್ಲಿ ಹನ್ನೊಂದು ಮಂದಿ ಹೆಣ್ಣುಮಕ್ಕಳಿದ್ದಾರೆ. ಇಲ್ಲಿ ಮುಚ್ಚಿದರೆ ಮುಂದಿನ ಪ್ರೌಢಶಾಲೆ ಹದಿನಾಲ್ಕು ಕಿಲೋಮೀಟರು ದೂರ. ಅವರಲ್ಲಿ ಎಷ್ಟು ಮಂದಿಯನ್ನು ಮನೆಯವರು ಅಷ್ಟು ದೂರ ಕಳುಹಿಸುವರೆಂದು ತಮಗೆ ತಿಳಿಯದೆ? ಆ ಇಪ್ಪತ್ತು ಸಾವಿರ ನಿಜವೇ ಎಂದು ಒಮ್ಮೆ ನೋಡಿಕೊಡಿ" ಎಂದರು. ನಾನು ಪುಸ್ತಕಗಳನ್ನು ಮನೆಗೆ ಹೊತ್ತು ತಂದೆನು.

ವಸ್ತುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಒಂದು ಇಟ್ಟಿಗೆಗೆ ಎಷ್ಟು ಬಿತ್ತು, ಒಂದು ಸೀರೆಗೆ ಎಷ್ಟು ಬಿತ್ತು ಎಂದು ಕೇಳುವುದುಂಟು. ಶಾಲೆ, ಆಸ್ಪತ್ರೆ, ಮೋಟಾರು ಗಾಡಿ ಮೊದಲಾದವು ಮಾರುವುದು ಸೇವೆಯನ್ನು. ಅಲ್ಲಿ ಲೆಕ್ಕಕ್ಕೆ ಒಂದು ಅಳತೆಗೋಲನ್ನು ನಾವೇ ಆರಿಸಿಕೊಳ್ಳಬೇಕು. ಇದಕ್ಕೆ ಸೇವಾವೆಚ್ಚದ ಲೆಕ್ಕವೆಂದು ಹೆಸರು. ಆಸ್ಪತ್ರೆಗೆ ಒಬ್ಬ ರೋಗಿಯ ಒಂದು ದಿನ, ಗಾಡಿಗೆ ಒಬ್ಬ ಪ್ರಯಾಣಿಕನ ಒಂದು ಕಿಲೋಮೀಟರು, ಶಾಲೆಗೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷ. ಜೂನ್ ತಿಂಗಳಲ್ಲಿ ಸೇರಿದವರೆಲ್ಲರೂ ಕೊನೆಯವರೆಗೆ ಇರುವುದಿಲ್ಲ. ಆದುದರಿಂದ ನಾನು ಜೂನ್, ಅಕ್ಟೋಬರ್, ಫೆಬ್ರವರಿ ಈ ಮೂರು ತಿಂಗಳ ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳ ಸರಾಸರಿಯನ್ನು ತೆಗೆದೆನು. ಅದು 300ಕ್ಕೇ ಬಂದಿತು. ಭಾಜಕವು ಸರಿಯಾಗಿತ್ತು. ತಪ್ಪಿದ್ದರೆ ಅದು ಭಾಜ್ಯದಲ್ಲಿರಬೇಕಾಗಿತ್ತು.

ಅಧ್ಯಕ್ಷರ 60 ಲಕ್ಷದಲ್ಲಿ ಏನೇನಿತ್ತು? ಭವಿಷ್ಯನಿಧಿಯ ಪಾಲೂ ಸೇರಿ ಸಂಬಳ 39,00,000. ಕಟ್ಟಡದ ದೀಪ, ನೀರು, ತೆರಿಗೆ, ಸುಣ್ಣಬಣ್ಣ, ದುರಸ್ತಿ 3,00,000. ಹೊಸ ಬೆಂಚು ಮತ್ತು ಗಣಕಯಂತ್ರಗಳು 4,80,000. ಚಾಲಕರ ಸಂಬಳವೂ ಸೇರಿದಂತೆ ಎರಡು ವ್ಯಾನುಗಳ ಖರ್ಚು 8,40,000. ವಾರ್ಷಿಕೋತ್ಸವ, ಆಟೋಟ, ಪ್ರಯೋಗಶಾಲೆ, ಪ್ರವಾಸ ಇವಕ್ಕೆ 2,40,000. ಕಚೇರಿ ಮತ್ತು ಪರೀಕ್ಷೆಗೆ 2,40,000. ಇದು ಕೈಯಿಂದ ಹೋದ ಹಣದ ಪಟ್ಟಿ. ಆದರೆ ಕೈಯಿಂದ ಹೋದುದೆಲ್ಲ ಆ ವರ್ಷದ ವೆಚ್ಚವಲ್ಲ. ಆ ವರ್ಷದ ವೆಚ್ಚವೆಲ್ಲ ಕೈಯಿಂದ ಹೋಗಿರುವುದೂ ಇಲ್ಲ.

ಮೊದಲನೆಯದಕ್ಕೆ ಬೆಂಚುಗಳೇ ಸಾಕ್ಷಿ. 2,00,000 ರೂಪಾಯಿನ ಬೆಂಚುಗಳು ಹತ್ತು ವರುಷ ಬಾಳುವುವು. ಅವುಗಳ ಮೇಲೆ ಇನ್ನೂ ಹುಟ್ಟದಿರುವ ಮಕ್ಕಳೂ ಕುಳಿತುಕೊಳ್ಳುವರು. ಈ ವರುಷದ ಮಕ್ಕಳ ಲೆಕ್ಕಕ್ಕೆ ಹತ್ತನೆಯ ಒಂದು ಪಾಲು, ಎಂದರೆ 20,000 ಮಾತ್ರ ಸೇರಬೇಕು. ಗಣಕಯಂತ್ರಗಳು 2,80,000ದವು, ಅವಕ್ಕೆ ನಾಲ್ಕು ವರುಷದ ಆಯುಸ್ಸೆಂದು ಹಿಡಿದು 70,000. ಹೀಗೆ ವರ್ಷವರ್ಷಕ್ಕೆ ಹಂಚುವುದನ್ನು ಸವಕಳಿಯೆನ್ನುವರು.

ಎರಡನೆಯದಕ್ಕೆ ಕಟ್ಟಡವೂ ಉಪಾಧ್ಯಾಯರೂ ಸಾಕ್ಷಿ. 1996ರಲ್ಲಿ 36 ಲಕ್ಷದಿಂದ ಕಟ್ಟಿದ ಕಟ್ಟಡ ಕಣ್ಣಿಗೆ ಕಾಣದಂತೆ ಸವೆಯುತ್ತಿದೆ. ಅರವತ್ತು ವರುಷಕ್ಕೆ ಹಂಚಿದರೆ ವರ್ಷಕ್ಕೆ 60,000. ಇದು ಯಾವ ರಸೀತಿಯಲ್ಲಿಯೂ ಇರಲಿಲ್ಲ. ವ್ಯಾನುಗಳ ಸವಕಳಿ 1,20,000 ಸಹ ಇರಲಿಲ್ಲ. ಉಪಾಧ್ಯಾಯರ ಉಪದಾನದ ಮಾತು ಇನ್ನೂ ಗಂಭೀರವಾದುದು. ಐದು ವರುಷ ದುಡಿದವರು ಬಿಟ್ಟುಹೋಗುವಾಗ, ಸೇವೆಯ ಒಂದೊಂದು ವರ್ಷಕ್ಕೂ ಹದಿನೈದು ದಿನದ ವೇತನದಂತೆ ಗ್ರಾಚ್ಯುಟಿ ಕೊಡಬೇಕು. ಕಾಯಿದೆಗೆ 2009ರಲ್ಲಾದ ತಿದ್ದುಪಡಿಯು, 1997ನೆಯ ಇಸವಿ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ, ಖಾಸಗಿ ಶಾಲೆಯ ಉಪಾಧ್ಯಾಯರಿಗೂ ಈ ಹಕ್ಕನ್ನು ಕೊಟ್ಟಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ತಿಂಗಳಿಗೆ 26 ದಿನವೆಂದು ಎಣಿಸುವುದು ಪದ್ಧತಿ. ನಮ್ಮ ಸಿಬ್ಬಂದಿಯ ವಾರ್ಷಿಕ ಮೂಲವೇತನ ಸುಮಾರು 35 ಲಕ್ಷ. ಅದರ ಹನ್ನೆರಡನೆಯ ಒಂದು ಪಾಲನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಸುಮಾರು 1,68,000. ಈ ಸಾಲ ವರ್ಷವರ್ಷವೂ ಸದ್ದಿಲ್ಲದೆ ಬೆಳೆಯುತ್ತಿತ್ತು. ಪುಸ್ತಕದಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ.

ಆಮೇಲೆ, ಎಲ್ಲ ಮಕ್ಕಳಿಗೂ ಸಂಬಂಧಿಸದ ಖರ್ಚನ್ನು ಬೇರ್ಪಡಿಸಬೇಕು. ಇಲ್ಲಿಯೇ ನನ್ನ ಹೆಂಡತಿಯ ಮಾತು ನೆನಪಿಗೆ ಬಂದದ್ದು. ವ್ಯಾನಿನಲ್ಲಿ ಬರುವವರು 80 ಮಕ್ಕಳು. ಉಳಿದ 220 ಮಂದಿ ನಡೆದು ಬರುವರು. ಸವಕಳಿಯೂ ಸೇರಿ ವ್ಯಾನಿನ ವೆಚ್ಚ 9,60,000, ತಲೆಗೆ 12,000. ನಾವು ತೆಗೆದುಕೊಳ್ಳುತ್ತಿದ್ದುದು 7,500. ಹೀಗೆ 3,60,000 ರೂಪಾಯಿ ಕಡಿಮೆ ಬೀಳುತ್ತಿತ್ತು. ಅದನ್ನು 300 ಮಂದಿಗೆ ಹಂಚಿದರೆ, ಬರಿಗಾಲಿನಲ್ಲಿ ನಡೆದು ಬರುವ ಮಗುವೂ ವ್ಯಾನಿಗಾಗಿ ವರ್ಷಕ್ಕೆ 1,200 ರೂಪಾಯಿ ತೆತ್ತಂತೆ. ಪ್ರವಾಸದ್ದೂ ಇದೇ ಕಥೆ. ಹೋದವರು 45 ಮಂದಿ, ಖರ್ಚು 90,000. ಇವೆರಡನ್ನೂ ಬೇರೆ ಪುಟಕ್ಕೆ ಸರಿಸಿದೆನು.

ಉಳಿದುದೆಷ್ಟು? ಸಿಬ್ಬಂದಿಗೆ 40,68,000, ಕಟ್ಟಡ, ಬೆಂಚು, ಯಂತ್ರಗಳಿಗೆ 4,50,000, ಚಟುವಟಿಕೆಗಳಿಗೆ 1,50,000, ಕಚೇರಿಗೆ 2,40,000. ಒಟ್ಟು 49,08,000. 300ರಿಂದ ಭಾಗಿಸಿದರೆ 16,360. ಇಪ್ಪತ್ತು ಸಾವಿರವಲ್ಲ! ಅಧ್ಯಕ್ಷರು ವ್ಯಾನಿನ ಖರ್ಚನ್ನೂ ಸೇರಿಸಿ ಶುಲ್ಕವನ್ನು ಗೊತ್ತುಮಾಡಿ, ಆಮೇಲೆ ವ್ಯಾನಿನ ಹಣವನ್ನು ಬೇರೆಯಾಗಿಯೂ ವಸೂಲುಮಾಡಬೇಕೆಂದಿದ್ದರು. ಒಂದೇ ಖರ್ಚಿಗೆ ಎರಡು ಸಲ ಕೈನೀಡಿದಂತಾಗುತ್ತಿತ್ತು. ಅವರಲ್ಲಿ ಕಪಟವಿರಲಿಲ್ಲ, ಲೆಕ್ಕಕ್ಕೆ ವಿಭಾಗವಿರಲಿಲ್ಲ, ಅಷ್ಟೆ.

ಇಷ್ಟಾದರೂ ಪ್ರೌಢಶಾಲೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಸರಾಸರಿಯೆಂಬುದು ಚಿಕ್ಕವರನ್ನೂ ದೊಡ್ಡವರನ್ನೂ ಒಂದೇ ಕಂಬಳಿಯೊಳಗೆ ಮಲಗಿಸುತ್ತದೆ. ಅವರನ್ನು ಬೇರೆಬೇರೆಯಾಗಿ ನೋಡಬೇಕಾದರೆ, ಒಂದೊಂದು ಖರ್ಚೂ ಯಾವ ಕಾರಣದಿಂದ ಹುಟ್ಟುತ್ತದೆಂದು ವಿಚಾರಿಸಿ, ಆ ಕಾರಣವನ್ನೇ ಹಂಚುವ ಸೇರನ್ನಾಗಿ ಮಾಡಿಕೊಳ್ಳಬೇಕು.

ಉಪಾಧ್ಯಾಯರ ಖರ್ಚು ಹುಟ್ಟುವುದು ಪಾಠದ ಅವಧಿಗಳಿಂದ. ನಾನು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಬರೆದುಕೊಂಡು ಬಂದೆನು. ಕೆಳಗಿನ ತರಗತಿಗಳಿಗೆ ಹತ್ತು ಮಂದಿಯೂ ಪ್ರೌಢಶಾಲೆಗೆ ಮೂರು ಮಂದಿಯೂ ಮೀಸಲಾಗಿದ್ದರು. ಹಿಂದೀ ಪಾಠದವರು ಮತ್ತು ವ್ಯಾಯಾಮದ ಉಪಾಧ್ಯಾಯರು ಪ್ರೌಢಶಾಲೆಯ ಪಟ್ಟಿಯಲ್ಲಿ ಸಂಬಳ ಪಡೆಯುತ್ತಿದ್ದರು. ಆದರೆ ವಾರದ ಅವರ 60 ಅವಧಿಗಳಲ್ಲಿ 40 ಅವಧಿ ಕೆಳಗಿನ ಮಕ್ಕಳಿಗೆ ಹೋಗುತ್ತಿತ್ತು! ಅವರಿಬ್ಬರ 4,50,000ದಲ್ಲಿ 3,00,000 ಕೆಳಗಿನವರ ಲೆಕ್ಕಕ್ಕೆ ಸೇರಬೇಕಾದುದು ನ್ಯಾಯ. ಸಂಬಳದ ಪಟ್ಟಿಯನ್ನು ನಂಬಿ ವೇಳಾಪಟ್ಟಿಯನ್ನು ನೋಡದವರು ಇಲ್ಲಿ ಎಡವುವರು. ಹೀಗೆ ಹಂಚಿದಾಗ ಕೆಳಗಿನವರಿಗೆ 24,28,000, ಪ್ರೌಢಶಾಲೆಗೆ 8,89,000. ಮುಖ್ಯೋಪಾಧ್ಯಾಯಿನಿ, ಗುಮಾಸ್ತ, ಇಬ್ಬರು ಆಯಾಗಳು ಎಲ್ಲರಿಗೂ ಸೇರಿದವರು. ಅವರ 7,51,000ವನ್ನು ಮಕ್ಕಳ ಸಂಖ್ಯೆಯಂತೆ 6,01,000 ಮತ್ತು 1,50,000 ಎಂದು ಹಂಚಿದೆನು.

ಕಟ್ಟಡದ ಖರ್ಚು ಹುಟ್ಟುವುದು ಸ್ಥಳದಿಂದ, ಮಕ್ಕಳ ತಲೆಯಿಂದಲ್ಲ. ಇಪ್ಪತ್ತು ಮಂದಿ ಕುಳಿತರೂ ನಲವತ್ತು ಮಂದಿ ಕುಳಿತರೂ ಕೋಣೆ ಒಂದೇ. ಸುಮಾರು ಸಮನಾದ ಹನ್ನೆರಡು ಕೋಣೆಗಳಿವೆ. ಕೋಣೆಯೊಂದಕ್ಕೆ 30,000 ಬಿದ್ದಿತು. ಏಳು ಕೋಣೆ ಕೆಳಗಿನವರದು. ಪ್ರಯೋಗಶಾಲೆಯೂ ಸೇರಿ ನಾಲ್ಕು ಪ್ರೌಢಶಾಲೆಯದು. ಗಣಕಯಂತ್ರದ ಕೋಣೆಯನ್ನೂ ಅದರೊಳಗಿನ ಯಂತ್ರಗಳ ಸವಕಳಿಯನ್ನೂ ಅವರವರು ಉಪಯೋಗಿಸುವ ಗಂಟೆಗಳಂತೆ ಹಂಚಿದೆನು: ವಾರಕ್ಕೆ 8 ಗಂಟೆ ಅವರಿಗೆ, 12 ಗಂಟೆ ಇವರಿಗೆ. ಬೆಂಚುಗಳನ್ನು ಮಕ್ಕಳ ಸಂಖ್ಯೆಯಂತೆ. ಕೂಡಿಸಿದರೆ ಕೆಳಗಿನವರಿಗೆ 2,66,000, ಪ್ರೌಢಶಾಲೆಗೆ 1,84,000. ಚಟುವಟಿಕೆಗಳಲ್ಲಿ ಪ್ರಯೋಗಶಾಲೆಯ 30,000 ಪ್ರೌಢಶಾಲೆಗೇ ಸೇರಿತು. ಉತ್ಸವ ಮತ್ತು ಆಟಕ್ಕೆ ಎಲ್ಲರಿಗೂ ತಲಾ 400. ಕಚೇರಿ ಮತ್ತು ಪರೀಕ್ಷೆಗೆ ತಲಾ 800.

ಕೊನೆಗೆ ಕೆಳಗಿನ ತರಗತಿಗಳ ವೆಚ್ಚ 35,83,000. ಮಗುವಿಗೆ ಸುಮಾರು 14,930. ಪ್ರೌಢಶಾಲೆಯ ವೆಚ್ಚ 13,25,000. ಮಗುವಿಗೆ ಸುಮಾರು 22,080. ಎರಡನ್ನೂ ಕೂಡಿಸಿದರೆ ಮತ್ತೆ 49,08,000 ಬರಬೇಕು. ಬಾರದಿದ್ದರೆ ಯಾವುದೋ ಖರ್ಚು ಜಾರಿಹೋಗಿದೆಯೆಂದೋ ಎರಡು ಸಲ ನುಸುಳಿದೆಯೆಂದೋ ತಿಳಿಯಬೇಕು. ನನಗೆ ಮೊದಲನೆಯ ಸಲ 4,000 ವ್ಯತ್ಯಾಸ ಬಂದು, ಒಂದು ರಾತ್ರಿಯ ನಿದ್ದೆಯನ್ನು ಕೆಡಿಸಿತು. ಪ್ರೌಢಶಾಲೆಯ ಬೆಂಚುಗಳನ್ನು ಮರೆತಿದ್ದೆನು.

ಈ ಅಂಕಿಗಳನ್ನು ಕಂಡ ಅಧ್ಯಕ್ಷರ ಮುಖವರಳಿತು. "ನೋಡಿದಿರಾ ರಾಯರೆ! ಪ್ರೌಢಶಾಲೆಯ ಮಗುವಿಗೆ 22,000 ಖರ್ಚು, ಬರುವುದು 16,000. ಅದರಿಂದಲೇ ನಷ್ಟ 3,65,000. ಮುಚ್ಚುವುದೇ ಸರಿಯೆಂದು ನಿಮ್ಮ ಲೆಕ್ಕವೇ ಹೇಳುತ್ತಿದೆ" ಎಂದರು.

ಸೇವಾವೆಚ್ಚದ ಲೆಕ್ಕವನ್ನು ಓದುವವರು ಅತಿಯಾಗಿ ಎಚ್ಚರದಿಂದಿರಬೇಕಾದ ಜಾಗ ಇದೇ. ಹಂಚಿದ ಖರ್ಚೆಲ್ಲ ಉಳಿಸಬಹುದಾದ ಖರ್ಚಲ್ಲ. ನಾನು ಅವರನ್ನು ಕೇಳಿದೆನು: "ಸ್ವಾಮಿ, ನಾಳೆ ಪ್ರೌಢಶಾಲೆಯನ್ನು ಮುಚ್ಚಿದರೆ ಆ ನಾಲ್ಕು ಕೋಣೆಗಳ ಸವಕಳಿ ನಿಲ್ಲುವುದೆ? ಮುಖ್ಯೋಪಾಧ್ಯಾಯಿನಿಯವರ ಸಂಬಳದಲ್ಲಿ ಐದನೆಯ ಒಂದು ಪಾಲನ್ನು ಕತ್ತರಿಸಲಾದೀತೆ? ಹಿಂದೀ ಪಾಠದವರ ಮೂರನೆಯ ಒಂದು ಪಾಲನ್ನು ಮನೆಗೆ ಕಳುಹಿಸಲಾದೀತೆ?" ಈ ಮೂರು ಬಾಬುಗಳು ಸೇರಿ 4,84,000. ಅವು ಹೋಗುವುದಿಲ್ಲ, ಕೆಳಗಿನ ಮಕ್ಕಳ ಹೆಗಲಿಗೆ ಬರುವುವು. ನಿಜವಾಗಿ ಉಳಿಯುವುದು ಮೂವರು ಉಪಾಧ್ಯಾಯರ ವೇತನ, ಪ್ರಯೋಗಶಾಲೆಯ ಸಾಮಾನು, ಅವರ ಪಾಲಿನ ಕಾಗದ ಮತ್ತು ಉತ್ಸವದ ಖರ್ಚು. ಎಲ್ಲವೂ ಸೇರಿ ಹೆಚ್ಚೆಂದರೆ 8,41,000. ಆದರೆ ಅರವತ್ತು ಮಕ್ಕಳೊಡನೆ ಹೊರಟುಹೋಗುವ ಶುಲ್ಕ 9,60,000. ಎಂದಮೇಲೆ ಮುಚ್ಚುವುದರಿಂದ ನಷ್ಟ ತಗ್ಗುವುದಿಲ್ಲ. ವರ್ಷಕ್ಕೆ 1,19,000 ಹೆಚ್ಚುತ್ತದೆ.

ಅಧ್ಯಕ್ಷರು ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದರೆ ಆ ಮಕ್ಕಳಿಗೆ ಇಷ್ಟೇಕೆ ಬೀಳುತ್ತದೆ?" ಎಂದು ಕೇಳಿದರು. ಉತ್ತರವು ಖಾಲಿ ಬೆಂಚುಗಳಲ್ಲಿತ್ತು. ಕೆಳಗಿನ ಒಂದು ತರಗತಿಯಲ್ಲಿ ಸುಮಾರು ಮೂವತ್ತನಾಲ್ಕು ಮಕ್ಕಳಿದ್ದರೆ, ಪ್ರೌಢಶಾಲೆಯ ತರಗತಿಯಲ್ಲಿ ಇಪ್ಪತ್ತು. ಅಲ್ಲಿಗೆ ಇನ್ನು ಮೂವತ್ತು ಮಕ್ಕಳು ಬಂದರೆ ಹೆಚ್ಚುವರಿಯಾಗಿ ಬೇಕಾಗುವುದು ಕಾಗದ, ಪರೀಕ್ಷೆ, ಪ್ರಯೋಗದ ಸಾಮಾನು ಇತ್ಯಾದಿಗಳಿಗೆ ತಲೆಗೆ 1,700ರಷ್ಟು. ಒಟ್ಟು ವೆಚ್ಚ 13,76,000 ಆಗಿ, ತೊಂಬತ್ತು ಮಕ್ಕಳಿಗೆ ಹಂಚಿದಾಗ 15,290ಕ್ಕೆ ಇಳಿಯುತ್ತದೆ. ಪ್ರೌಢಶಾಲೆ ದುಬಾರಿಯಾಗಿದ್ದುದು ಅದರ ವೈಭವದಿಂದಲ್ಲ. ಅದು ಅರೆತುಂಬಿದ ಕೊಡವಾಗಿದ್ದುದರಿಂದ.

ನಿಜವಾದ ಕೊರತೆಯನ್ನೂ ಬಿಡಿಸಿ ತೋರಿಸಿದೆನು. ಒಟ್ಟು ವೆಚ್ಚ 59,58,000, ಆದಾಯ 54,00,000, ಕೊರತೆ 5,58,000. ಅದರಲ್ಲಿ ವ್ಯಾನಿನದು 3,60,000, ಪ್ರವಾಸದ್ದು 90,000. ಪಾಠಕ್ಕೆ ಸಂಬಂಧಿಸಿದ ಕೊರತೆ 1,08,000 ಮಾತ್ರ. ಮಗುವಿಗೆ 360 ರೂಪಾಯಿ. ಇಷ್ಟಕ್ಕಾಗಿ ನಾಲ್ಕು ಸಾವಿರವನ್ನು ಏರಿಸಹೊರಟಿದ್ದೆವು! ಖಾಸಗಿ ಶಿಕ್ಷಣಸಂಸ್ಥೆಗಳು ಅಭಿವೃದ್ಧಿಗಾಗಿ ಯುಕ್ತವಾದ ಮಿಗಿತವನ್ನು ಪಡೆಯಬಹುದು, ಲಾಭಕೋರತನ ಕೂಡದು ಎಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ, ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ, ಹೇಳಿರುವುದುಂಟು. ಆ ಮೊಕದ್ದಮೆ ಹೋದದ್ದು ನಮ್ಮ ಕರ್ನಾಟಕದಿಂದಲೇ. ಯುಕ್ತವಾವುದು, ಲಾಭಕೋರತನವಾವುದು ಎಂದು ತಿಳಿಯಬೇಕಾದರೂ ಮೊದಲು ವೆಚ್ಚವೇನೆಂಬುದು ತಿಳಿದಿರಬೇಕಷ್ಟೆ.

ಸಮಿತಿಯು ಶುಲ್ಕವನ್ನು ಎಲ್ಲರಿಗೂ 16,500 ಎಂದು ಗೊತ್ತುಮಾಡಿತು. ಹಾಗಾದರೆ ಕೆಳಗಿನ ಮಕ್ಕಳು ಮೇಲಿನವರ ಖರ್ಚಿಗೆ ಸ್ವಲ್ಪ ಕೊಟ್ಟಂತಾಯಿತಲ್ಲ, ಎಂದು ವಾಚಕರು ಕೇಳಬಹುದು. ಅಹುದು. ಇಂದು ಕೊಡುವ ಮಕ್ಕಳೇ ನಾಳೆ ಮೇಲೆ ಹೋಗುವರೆಂದು, ತಿಳಿದು ತಿಳಿದೇ, ಹಾಗೆ ಮಾಡಿದೆವು. ಮೊದಲು ಅದು ಕತ್ತಲೆಯಲ್ಲಿ ನಡೆಯುತ್ತಿತ್ತು. ಈಗ ಬರೆದಿಟ್ಟ ನಿರ್ಣಯವಾಗಿದೆ. ಎಷ್ಟು ಕೊಡುತ್ತಿದ್ದೇವೆಂಬುದನ್ನು ಲೆಕ್ಕ ತೋರಿಸಬಲ್ಲದು. ಕೊಡಬೇಕೆ ಬೇಡವೆ ಎಂಬುದನ್ನು ಮನುಷ್ಯರೇ ನಿಶ್ಚಯಿಸಬೇಕು. ಪ್ರವಾಸದ ಖರ್ಚು ಹೋಗುವವರದೇ ಆಯಿತು. ವ್ಯಾನಿನ ವಿಷಯದಲ್ಲಿ ಒಮ್ಮೆಗೇ 12,000 ಹೇರಿದರೆ ದೂರದ ಹಳ್ಳಿಗಳ ಮಕ್ಕಳು ಬಿಟ್ಟುಹೋಗುವ ಭಯವಿತ್ತು. ಎರಡು ವ್ಯಾನುಗಳು ಎರಡೆರಡು ಸಲ ಓಡಿದರೆ 96 ಮಕ್ಕಳಿಗೆ ಸ್ಥಳವುಂಟು. ತುಂಬಿದರೆ ತಲೆಗೆ 10,000. ಆ ದರವನ್ನೇ ಇಟ್ಟು ಖಾಲಿ ಸ್ಥಳಗಳಿಗೆ ಮಕ್ಕಳನ್ನು ಹುಡುಕಿದೆವು. ಮೊದಲನೆಯ ವರುಷ ಒಂಬತ್ತು ಮಂದಿ ಬಂದರು. ಇನ್ನೂ 70,000 ಕೊರತೆ ಉಳಿಯಿತು. ಅದನ್ನು ಅದರ ಪುಟದಲ್ಲಿಯೇ, ಕೆಂಪು ಮಸಿಯಲ್ಲಿ, ಬರೆದಿಟ್ಟಿದ್ದೇನೆ.

ಆ ಹನ್ನೊಂದು ಮಂದಿ ಹೆಣ್ಣುಮಕ್ಕಳು ಮುಂದಿನ ವರುಷ ಒಂಬತ್ತನೆಯ ತರಗತಿಯಲ್ಲಿ ಕುಳಿತರು. ಮನೆಗೆ ಬಂದು ಹೆಂಡತಿಗೆ ಕಥೆಯನ್ನೆಲ್ಲ ಹೇಳಿದೆನು. ಆಕೆ ಸಮಾಧಾನವಾಗಿ ಕೇಳಿ, "ಒಂದು ತಿಂಗಳು ಕುಳಿತು ಇದನ್ನು ಕಂಡುಹಿಡಿದಿರಾ?" ಎಂದಳು. ಆ ತಿಂಗಳಿನಿಂದ ನಮ್ಮ ಮನೆಯ ಪುಸ್ತಕದಲ್ಲಿ ತಾಯಿಯವರ ಔಷಧಿಗೆ ಬೇರೆಯೇ ಒಂದು ಪುಟವಿದೆ.